ಕೇಳಿಸದ ಧ್ವನಿ, ಉಳಿದ ಚಲನೆ: ವೇಗದ ಮಾತಿನಲ್ಲಿ ಸಹೋಚ್ಚಾರಣೆ ಮತ್ತು ಲೋಪದ ಪ್ರಶ್ನೆ

1. ಪೀಠಿಕೆ

ಕನ್ನಡ ವ್ಯಾಕರಣವನ್ನು ಓದಿದವರಿಗೆಲ್ಲ ಲೋಪ, ಆಗಮ, ಆದೇಶ ಎಂಬ ಮೂರು ಪದಗಳು ಪರಿಚಿತ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರವು ಲೋಪವಾಯಿತು ಎನ್ನುತ್ತೇವೆ. ಇದೇ ಪದವನ್ನು ನಾವು ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿಯೂ ಬಳಸುತ್ತೇವೆ. ವೇಗವಾಗಿ ಆಡಿದ ಮಾತಿನ ಧ್ವನಿಮುದ್ರಣದಲ್ಲಿ ಒಂದು ವ್ಯಂಜನವೋ ಸ್ವರವೋ ಕೇಳಿಸದಿದ್ದರೆ ಅದನ್ನು ಲಿಪ್ಯಂತರದಿಂದ ಬಿಟ್ಟು, ಪಕ್ಕದಲ್ಲಿ ‘ಲೋಪ’ ಎಂದು ಗುರುತಿಸುತ್ತೇವೆ. ಆದರೆ ಈ ಎರಡು ಬಳಕೆಗಳು ಒಂದೇ ಸಂಗತಿಯನ್ನು ಹೇಳುವುದಿಲ್ಲ. ಮೊದಲನೆಯದು ವ್ಯಾಕರಣದ ನಿಯಮವನ್ನು ಕುರಿತ ಹೇಳಿಕೆ. ಎರಡನೆಯದು ನಮ್ಮ ಕಿವಿಯನ್ನು ಕುರಿತ ಹೇಳಿಕೆ. ಕೇಳಿಸದ ಧ್ವನಿಯನ್ನು ಮಾತುಗಾರನ ನಾಲಿಗೆ ಉಚ್ಚರಿಸಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬರಲು ಕಿವಿಯ ಸಾಕ್ಷ್ಯ ಸಾಲದು.

ನೆರೆಯ ಧ್ವನಿಗಳ ಉಚ್ಚಾರಣೆ ಕಾಲದಲ್ಲಿ ಒಂದರ ಮೇಲೊಂದು ಚಾಚಿಕೊಳ್ಳುವುದನ್ನು ಸಹೋಚ್ಚಾರಣೆ ಎನ್ನುತ್ತೇವೆ. ಮಾತಿನ ವೇಗ ಹೆಚ್ಚಿದಂತೆ ಈ ಚಾಚುವಿಕೆಯೂ ಸಾಮಾನ್ಯವಾಗಿ ಹೆಚ್ಚುತ್ತದೆ. ಅದರ ಪರಿಣಾಮವಾಗಿ ಒಂದು ಧ್ವನಿ ಇನ್ನೊಂದರ ಹಿಂದೆ ಪೂರ್ಣವಾಗಿ ಮರೆಯಾಗಬಹುದು. ಹೀಗೆ ಮರೆಯಾದ ಧ್ವನಿಯನ್ನು ಇಲ್ಲವಾದ ಧ್ವನಿಯಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬುದೇ ಈ ಲೇಖನದ ಪ್ರಶ್ನೆ. ಮೊದಲು ಇಂಗ್ಲಿಷಿನ ಒಂದು ಪ್ರಸಿದ್ಧ ಉದಾಹರಣೆಯನ್ನು ವಿವರವಾಗಿ ನೋಡಿ, ಆ ವಿವರಣೆಯ ಮಿತಿಯನ್ನು ಗಮನಿಸಿ, ಅನಂತರ ಆಡುಗನ್ನಡದ ‘ಮಾಡ್ತಾನೆ’, ‘ಆಗ್ತಾನೆ’ ಮಾದರಿಯ ರೂಪಗಳಿಗೆ ಅದೇ ಪ್ರಶ್ನೆಯನ್ನು ಹಾಕುತ್ತೇವೆ.

2. ‘ಪರ್ಫೆಕ್ಟ್ ಮೆಮೊರಿ’: ಮರೆಯಾದ ಟಕಾರ

ಕ್ಯಾಥರೀನ್ ಬ್ರೌಮನ್ ಮತ್ತು ಲೂಯಿಸ್ ಗೋಲ್ಡ್‌ಸ್ಟೈನ್ ಅವರು 1980ರ ದಶಕದಲ್ಲಿ ರೂಪಿಸಿದ ಉಚ್ಚಾರಣಾ ಧ್ವನಿವಿಜ್ಞಾನದಲ್ಲಿ ಮಾತಿನ ಮೂಲ ಘಟಕವು ಧ್ವನಿಖಂಡವಲ್ಲ, ಉಚ್ಚಾರಣಾ ಚಲನೆ. ಇಂಗ್ಲಿಷಿನಲ್ಲಿ ಜೆಸ್ಚರ್ ಎನ್ನುವ ಈ ಘಟಕವು ಒಂದು ಉಚ್ಚಾರಣಾಂಗವು ಬಾಯಿಯ ನಿರ್ದಿಷ್ಟ ಸ್ಥಾನದಲ್ಲಿ ನಿರ್ದಿಷ್ಟ ಪ್ರಮಾಣದ ಸಂಕೋಚವನ್ನು ಉಂಟುಮಾಡಿ ಹಿಂದಿರುಗುವ ಕ್ರಿಯೆ. ಪ್ರತಿ ಚಲನೆಗೂ ತನ್ನದೇ ಆದ ಅವಧಿಯಿದೆ. ಎರಡು ಚಲನೆಗಳ ಅವಧಿಗಳು ಅತಿಕ್ರಮಿಸುವುದು ಈ ಸಿದ್ಧಾಂತದಲ್ಲಿ ಅಪವಾದವಲ್ಲ, ಸಾಮಾನ್ಯ ಸ್ಥಿತಿ.

ಇದಕ್ಕೆ ಆಧಾರವಾಗಿ ಅವರು ಟೋಕಿಯೊ ವಿಶ್ವವಿದ್ಯಾಲಯದ ಎಕ್ಸ್-ರೇ ಮೈಕ್ರೋಬೀಮ್ ವ್ಯವಸ್ಥೆಯಿಂದ ದೊರೆತ ದತ್ತಾಂಶವನ್ನು ಬಳಸಿದರು. ನಾಲಿಗೆ ಮತ್ತು ತುಟಿಗಳಿಗೆ ಸಣ್ಣ ಲೋಹದ ಗುಂಡುಗಳನ್ನು ಅಂಟಿಸಿ, ಮಾತಾಡುವಾಗ ಅವು ಚಲಿಸುವ ದಾರಿಯನ್ನು ಕ್ಷೀಣ ಎಕ್ಸ್-ರೇ ಕಿರಣದಿಂದ ಅನುಸರಿಸುವ ವಿಧಾನವದು. ‘ಪರ್ಫೆಕ್ಟ್’ ಮತ್ತು ‘ಮೆಮೊರಿ’ ಎಂಬ ಪದಗಳನ್ನು ಮಾತುಗಾರ ಒಮ್ಮೆ ಪದಪಟ್ಟಿಯಲ್ಲಿ ಬಿಡಿಬಿಡಿಯಾಗಿ, ಇನ್ನೊಮ್ಮೆ ಒಂದೇ ಪದಗುಚ್ಛವಾಗಿ ಸರಾಗವಾಗಿ ಹೇಳಿದ್ದ. ಬಿಡಿಯಾಗಿ ಹೇಳಿದಾಗ ಮೊದಲ ಪದದ ಕೊನೆಯ ಟಕಾರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸರಾಗವಾಗಿ ಹೇಳಿದಾಗ ಕೇಳಿಸಲಿಲ್ಲ. ಲಿಪ್ಯಂತರ ಮಾಡುವ ಯಾರೇ ಆದರೂ ಅಲ್ಲಿ ಕಕಾರದ ನಂತರ ನೇರವಾಗಿ ಮಕಾರವನ್ನು ಬರೆಯುತ್ತಿದ್ದರು. ಆದರೆ ನಾಲಿಗೆಯ ತುದಿಗೆ ಅಂಟಿಸಿದ ಗುಂಡು ಎರಡೂ ಸಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ವರ್ತ್ಸದ ಕಡೆಗೆ ಏರಿತ್ತು. ನಾಲಿಗೆ ಟಕಾರವನ್ನು ಬಿಟ್ಟಿರಲಿಲ್ಲ. ಅದು ಗಾಳಿಯಲ್ಲಿ ಮೂಡಲಿಲ್ಲ, ಅಷ್ಟೆ.

ಇದು ಹೇಗೆ ಸಾಧ್ಯ ಎಂಬುದನ್ನು ಹಂತಹಂತವಾಗಿ ನೋಡೋಣ. ಕೆಳಗಿನ ಅಂಕಿಗಳು ಅಳತೆಗಳಲ್ಲ. ವಿವರಣೆಗಾಗಿ ನಾವೇ ಆರಿಸಿಕೊಂಡವು. ನಾಲಿಗೆಯ ಹಿಂಭಾಗವು ಕಕಾರಕ್ಕಾಗಿ ಮೃದುತಾಲುವನ್ನು ಮುಟ್ಟುವ ಕ್ಷಣವನ್ನು ಸೊನ್ನೆ ಎಂದುಕೊಳ್ಳೋಣ. ಈ ತಡೆ 80 ಮಿಲಿಸೆಕೆಂಡ್ ಇರುತ್ತದೆ. ನಾಲಿಗೆಯ ತುದಿ ಟಕಾರದ ತಡೆಯನ್ನು 60ನೆಯ ಮಿಲಿಸೆಕೆಂಡಿಗೆ ಆರಂಭಿಸಿ 140ಕ್ಕೆ ಬಿಡುತ್ತದೆ. ನಿಧಾನದ ಮಾತಿನಲ್ಲಿ ಮಕಾರಕ್ಕಾಗಿ ತುಟಿಗಳು 170ಕ್ಕೆ ಮುಚ್ಚುತ್ತವೆ. ಆಗ 140ರಿಂದ 170ರವರೆಗೆ ಬಾಯಿ ತೆರೆದಿರುತ್ತದೆ. ಟಕಾರದ ತಡೆ ಬಿಟ್ಟಾಗ ಒತ್ತಡದ ಗಾಳಿ ಹೊರನುಗ್ಗಿ ಸ್ಫೋಟ ಕೇಳಿಸುತ್ತದೆ.

ವೇಗದ ಮಾತಿನಲ್ಲಿ ನಾಲಿಗೆಯ ಎರಡು ಚಲನೆಗಳನ್ನೂ ಹಾಗೆಯೇ ಬಿಟ್ಟು, ತುಟಿ ಮುಚ್ಚುವುದನ್ನು ಮಾತ್ರ 110ಕ್ಕೆ ಹಿಂದೂಡೋಣ. ಈಗ ಟಕಾರದ ಆರಂಭ ಕಕಾರದ ತಡೆಯ ಹಿಂದೆ ಮರೆಯಾಗುತ್ತದೆ, ಏಕೆಂದರೆ 60ರ ಹೊತ್ತಿಗೆ ಹಿಂದಿನ ಸ್ವರ ಆಗಲೇ ಕತ್ತರಿಸಿಹೋಗಿದೆ. ಹಿಂದಿನ ಸ್ವರದ ಫಾರ್ಮಂಟ್‌ಗಳ ಬಾಗು ಮುಖ್ಯವಾಗಿ ಕಂಠ್ಯದ ಸುಳಿವನ್ನೇ ಕೊಡುತ್ತದೆ. 80ರಲ್ಲಿ ಕಕಾರದ ತಡೆ ಬಿಟ್ಟರೂ ಅದರ ಮುಂದೆ ನಾಲಿಗೆಯ ತುದಿ ದಾರಿಯನ್ನು ಮುಚ್ಚಿರುವುದರಿಂದ ಹೊರಗೆ ಸ್ಫೋಟ ಕೇಳಿಸುವುದಿಲ್ಲ. 140ರಲ್ಲಿ ಟಕಾರದ ತಡೆ ಬಿಡುವ ಹೊತ್ತಿಗೆ ತುಟಿಗಳು ಮುಚ್ಚಿವೆ, ಮೂಗಿನ ದಾರಿ ತೆರೆದಿದೆ. ಮುಂದಿನ ಸ್ವರ ಆರಂಭವಾಗುವಾಗ ಕೇಳಿಸುವುದು ಓಷ್ಠ್ಯದ ಬಾಗು. ಟಕಾರದ ಆರಂಭ, ಮಧ್ಯ, ಅಂತ್ಯ ಮೂರೂ ಮುಚ್ಚಿಹೋದವು. ನಾಲಿಗೆಯ ಒಂದು ಚಲನೆಯನ್ನೂ ನಾವು ಅಳಿಸಲಿಲ್ಲ, ಕುಗ್ಗಿಸಲಿಲ್ಲ. ತುಟಿಯ ಚಲನೆಯನ್ನು 60 ಮಿಲಿಸೆಕೆಂಡ್ ಮೊದಲೇ ತಂದೆವು, ಅಷ್ಟೆ.

ಇಲ್ಲಿ ಒಂದು ಷರತ್ತನ್ನು ಗಮನಿಸಬೇಕು. ನಾಲಿಗೆಯ ಹಿಂಭಾಗ, ನಾಲಿಗೆಯ ತುದಿ, ತುಟಿ ಇವು ಬಹುಮಟ್ಟಿಗೆ ಸ್ವತಂತ್ರವಾಗಿ ಚಲಿಸಬಲ್ಲವು. ಆದ್ದರಿಂದಲೇ ಒಂದರ ಗುರಿ ಕೆಡದೆ ಇನ್ನೊಂದು ಅದನ್ನು ಮರೆಮಾಡಲು ಸಾಧ್ಯವಾಯಿತು. ಎರಡು ಚಲನೆಗಳಿಗೂ ಬೇಕಾದುದು ಒಂದೇ ಅಂಗವಾದರೆ ಹೀಗಾಗದು. ಒಂದೇ ತುದಿ ಏಕಕಾಲಕ್ಕೆ ಎರಡು ಸ್ಥಾನಗಳಲ್ಲಿ ಇರಲಾರದು. ಆಗ ಗುರಿಗಳು ಬೆರೆಯುತ್ತವೆ. ಇಂಗ್ಲಿಷಿನ ‘ಟೆನ್ತ್’ ಪದದಲ್ಲಿ ನಕಾರವು ಮುಂದಿನ ಧ್ವನಿಗಾಗಿ ಹಲ್ಲಿನ ಕಡೆಗೆ ಸರಿಯುವುದು ಇದಕ್ಕೆ ನಿದರ್ಶನ. ಹೀಗಾಗಿ ಸಿದ್ಧಾಂತವು ಎರಡು ಬೇರೆ ಫಲಗಳನ್ನು ಮುನ್ನುಡಿಯುತ್ತದೆ: ಅಂಗಗಳು ಬೇರೆಯಾದಲ್ಲಿ ಮರೆಯಾಗುವಿಕೆ, ಅಂಗ ಒಂದೇ ಆದಲ್ಲಿ ಬೆರಕೆ. ಕನ್ನಡದ ಉದಾಹರಣೆಗಳಿಗೆ ಬಂದಾಗ ಈ ವ್ಯತ್ಯಾಸ ಮತ್ತೆ ಬೇಕಾಗುತ್ತದೆ.

3. ಎಲ್ಲವೂ ಮರೆಯಾಗುವಿಕೆಯಲ್ಲ

ಮೇಲಿನ ಉದಾಹರಣೆಯನ್ನು ಓದಿದವರು, ವೇಗದ ಮಾತಿನ ಲೋಪ ಮತ್ತು ಸಮೀಕರಣಗಳೆಲ್ಲ ಕೇವಲ ಅತಿಕ್ರಮಣದ ಫಲ ಎಂದು ಭಾವಿಸಬಹುದು. ಅನಂತರದ ಅಧ್ಯಯನಗಳು ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಫ್ರಾನ್ಸಿಸ್ ನೋಲನ್ ಅವರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲೆಕ್ಟ್ರೋಪ್ಯಾಲಟೋಗ್ರಫಿಯನ್ನು ಬಳಸಿದರು. ಇದರಲ್ಲಿ ಮಾತುಗಾರನ ಅಂಗಳಕ್ಕೆ ಹೊಂದುವ ತೆಳುವಾದ ಕೃತಕ ತಾಲುವಿನ ಮೇಲೆ ವಿದ್ಯುದ್ವಾರಗಳಿದ್ದು, ನಾಲಿಗೆ ಎಲ್ಲಿ ತಾಗಿತೆಂಬುದನ್ನು ಅವು ದಾಖಲಿಸುತ್ತವೆ. ಪದಾಂತ್ಯದ ವರ್ತ್ಸ್ಯ ಸ್ಪರ್ಶದ ನಂತರ ಕಂಠ್ಯ ಬಂದಾಗ ಮೂರು ಬಗೆಯ ದಾಖಲೆಗಳು ಕಂಡವು: ವರ್ತ್ಸದಲ್ಲಿ ಪೂರ್ಣ ಸ್ಪರ್ಶ, ಪಕ್ಕಗಳಲ್ಲಿ ಮಾತ್ರ ಉಳಿದ ಭಾಗಶಃ ಸ್ಪರ್ಶ, ಸ್ಪರ್ಶವೇ ಇಲ್ಲದ ದಾಖಲೆ. ಮಧ್ಯದ ಬಗೆ ಮುಖ್ಯವಾದುದು. ‘ಟಕಾರ ಇದೆ’ ಅಥವಾ ‘ಟಕಾರ ಕಕಾರವಾಗಿದೆ’ ಎಂಬ ಎರಡೇ ಆಯ್ಕೆಗಳನ್ನು ಕೊಡುವ ನಿಯಮ ಅದನ್ನು ವಿವರಿಸಲಾರದು.

ಮೂರನೆಯ ಬಗೆಯ ಬಗ್ಗೆ ಎಚ್ಚರ ಬೇಕು. ಕೃತಕ ತಾಲುವು ಸ್ಪರ್ಶವನ್ನು ಮಾತ್ರ ಬಲ್ಲುದು. ನಾಲಿಗೆಯ ತುದಿ ಏರಿಯೂ ವರ್ತ್ಸಕ್ಕೆ ಒಂದೆರಡು ಮಿಲಿಮೀಟರು ಕೆಳಗೇ ನಿಂತರೆ, ಏರಿಯೇ ಇಲ್ಲ ಎನ್ನುವಂಥ ದಾಖಲೆಯೇ ಮೂಡುತ್ತದೆ. ಈ ಕಾರಣಕ್ಕಾಗಿ ಲೂಸಿ ಎಲ್ಲಿಸ್ ಮತ್ತು ವಿಲಿಯಂ ಹಾರ್ಡ್‌ಕ್ಯಾಸಲ್ ಅವರು 2002ರ ತಮ್ಮ ಅಧ್ಯಯನದಲ್ಲಿ ಇದರೊಂದಿಗೆ ಎಲೆಕ್ಟ್ರೋಮ್ಯಾಗ್ನೆಟಿಕ್ ಆರ್ಟಿಕ್ಯುಲೋಗ್ರಫಿಯನ್ನೂ ಬಳಸಿದರು. ಇದು ನಾಲಿಗೆಗೆ ಅಂಟಿಸಿದ ಸಂವೇದಕಗಳ ಸ್ಥಾನವನ್ನು ಸ್ಪರ್ಶವಿಲ್ಲದಿರುವಾಗಲೂ ತೋರಿಸುತ್ತದೆ. ಪದಾಂತ್ಯದ ನಕಾರದ ಮುಂದೆ ಕಕಾರ ಬಂದಾಗ ಹತ್ತು ಮಾತುಗಾರರು ಏನು ಮಾಡುತ್ತಾರೆಂದು ಅವರು ನೋಡಿದರು. ಕೆಲವರಲ್ಲಿ ತುದಿಯ ಚಲನೆ ಹಂತಹಂತವಾಗಿ ಕುಗ್ಗಿತ್ತು. ಇನ್ನು ಕೆಲವರಲ್ಲಿ ಅದು ಪೂರ್ಣವಾಗಿ ಇತ್ತು ಅಥವಾ ಪೂರ್ಣವಾಗಿ ಇರಲಿಲ್ಲ. ಇಲ್ಲದಿದ್ದಾಗ ಆ ಉಚ್ಚಾರಣೆ ಮೂಲತಃ ಕಂಠ್ಯ ಅನುನಾಸಿಕವಿರುವ ಪದದ ಉಚ್ಚಾರಣೆಯಿಂದ ಬೇರೆಯಾಗಿ ಕಾಣಲಿಲ್ಲ.

ಮಾತಿನ ವೇಗಕ್ಕೆ ಎಲ್ಲರೂ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂಬುದು ಇದಕ್ಕಿಂತ ಮೊದಲೇ ತಿಳಿದಿತ್ತು. ಡೇವಿಡ್ ಕ್ಯೂನ್ ಮತ್ತು ಕೆನೆತ್ ಮೋಲ್ ಅವರ 1976ರ ಎಕ್ಸ್-ರೇ ಚಲನಚಿತ್ರ ಅಧ್ಯಯನದಲ್ಲಿ, ವೇಗವಾಗಿ ಮಾತಾಡುವಾಗ ಕೆಲವರು ಅಂಗಗಳನ್ನು ಹೆಚ್ಚು ರಭಸದಿಂದ ಚಲಿಸಿ ಗುರಿಯನ್ನು ತಲುಪಿದರೆ, ಇತರರು ಚಲನೆಯ ದೂರವನ್ನೇ ಕಡಿಮೆ ಮಾಡಿಕೊಂಡಿದ್ದರು. ಇದರಿಂದ ಸಂಶೋಧಕರಿಗೆ ಒಂದು ನೇರ ಪಾಠವಿದೆ. ಹಲವು ಮಾತುಗಾರರ ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆದರೆ, ‘ಇದೆ’ ಮತ್ತು ‘ಇಲ್ಲ’ ಎಂಬ ಎರಡು ಬಗೆಗಳ ಮಿಶ್ರಣವೂ ‘ಅರ್ಧ ಇದೆ’ ಎಂಬಂತೆ ತೋರುತ್ತದೆ. ಯಾವ ಮಾತುಗಾರನ ನಾಲಿಗೆಯೂ ಮಾಡದ ಚಲನೆಯೊಂದು ಸರಾಸರಿಯಲ್ಲಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಮಾತುಗಾರನ ಪುನರಾವರ್ತನೆಗಳ ಹಂಚಿಕೆಯನ್ನು ಬೇರೆಬೇರೆಯಾಗಿಯೇ ನೋಡಬೇಕು: ಅಳತೆಗಳು ಒಂದೇ ರಾಶಿಯಾಗಿ ಹರಡಿವೆಯೋ, ಎರಡು ತುದಿಗಳಲ್ಲಿ ಗುಂಪುಗೂಡಿವೆಯೋ ಎಂಬುದೇ ಅಲ್ಲಿಯ ಮುಖ್ಯ ಪ್ರಶ್ನೆ.

4. ‘ಮಾಡ್ತಾನೆ’ಯಲ್ಲಿ ಉಕಾರ ಎಲ್ಲಿ ಹೋಯಿತು?

ಈಗ ಕನ್ನಡಕ್ಕೆ ಬರೋಣ. ಬರಹದ ‘ಮಾಡುತ್ತಾನೆ’, ‘ಆಗುತ್ತಾನೆ’, ‘ಮಾಡಿದ’ ರೂಪಗಳಿಗೆ ಆಡುಮಾತಿನಲ್ಲಿ ‘ಮಾಡ್ತಾನೆ’, ‘ಆಗ್ತಾನೆ’, ‘ಮಾಡ್ದ’ ಎಂಬ ರೂಪಗಳಿವೆ. ಮೊದಲೆರಡರಲ್ಲಿ ಉಕಾರ, ಮೂರನೆಯದರಲ್ಲಿ ಇಕಾರ ಕೇಳಿಸುವುದಿಲ್ಲ. ಇದನ್ನು ಲೋಪ ಎನ್ನುವುದು ರೂಢಿ. ಆದರೆ ಸ್ವರವೂ ಮರೆಯಾಗಬಲ್ಲುದು. ಎರಡು ವ್ಯಂಜನಗಳ ತಡೆಗಳು ಪರಸ್ಪರ ಸಮೀಪಿಸಿ, ನಡುವಿನ ಸ್ವರದ ತೆರೆದ ಅವಧಿ ಮುಚ್ಚಿಹೋದರೂ, ಸ್ವರಕ್ಕೆಂದು ತುಟಿ ಮತ್ತು ನಾಲಿಗೆಯ ಒಡಲು ಮಾಡುವ ಚಲನೆ ಆ ತಡೆಗಳ ಮರೆಯಲ್ಲಿ ನಡೆಯುತ್ತಲೇ ಇರಬಹುದು. ಉಕಾರ ಮತ್ತು ಇಕಾರಗಳು ಈ ಪರೀಕ್ಷೆಗೆ ಅನುಕೂಲವಾದ ಜೋಡಿ. ಉಕಾರಕ್ಕೆ ತುಟಿಗಳು ದುಂಡಾಗುತ್ತವೆ, ನಾಲಿಗೆ ಹಿಂದಕ್ಕೆ ಸರಿಯುತ್ತದೆ. ಇಕಾರಕ್ಕೆ ತುಟಿಗಳು ಹರಡುತ್ತವೆ, ನಾಲಿಗೆ ಮುಂದಕ್ಕೆ ಏರುತ್ತದೆ.

‘ಮಾಡ್ತಾನೆ’ ಮತ್ತು ‘ಮಾಡ್ದ’ಗಳಲ್ಲಿ ‘ಮಾಡ್’ ಎಂಬ ಭಾಗ ಲಿಪ್ಯಂತರದಲ್ಲಿ ಒಂದೇ. ಅದರ ಮುಂದಿರುವುದು ಎರಡರಲ್ಲಿಯೂ ದಂತ್ಯ ಸ್ಪರ್ಶ. ಸ್ವರಗಳು ನಿಜವಾಗಿಯೂ ಇಲ್ಲವಾಗಿದ್ದರೆ ಡಕಾರದ ತಡೆಯ ಹೊತ್ತಿನಲ್ಲಿ ತುಟಿಗಳ ಆಕಾರ ಎರಡು ಪದಗಳಲ್ಲಿಯೂ ಒಂದೇ ಆಗಿರಬೇಕು. ಮರೆಯಾಗಿದ್ದರೆ ಮೊದಲನೆಯದರಲ್ಲಿ ತುಟಿಗಳು ಸ್ವಲ್ಪವಾದರೂ ದುಂಡಾಗಿರಬೇಕು. ಧ್ವನಿಮುದ್ರಣದಲ್ಲಿಯೂ ಇದರ ಗುರುತು ಸಿಗಬೇಕು: ಆಕಾರದ ಕೊನೆಯಲ್ಲಿ ಎರಡನೆಯ ಫಾರ್ಮಂಟ್ ‘ಮಾಡ್ದ’ದಲ್ಲಿ ಹೆಚ್ಚು ಎತ್ತರದಲ್ಲಿ, ‘ಮಾಡ್ತಾನೆ’ಯಲ್ಲಿ ಅದಕ್ಕಿಂತ ಕೆಳಗೆ ಇರಬೇಕು.

ಪದಗಳ ಆಯ್ಕೆಯಲ್ಲಿಯೇ ಈ ಪರೀಕ್ಷೆ ಕೆಡಬಹುದು. ಮೊದಲಿಗೆ ನೆನಪಾಗುವ ಉದಾಹರಣೆ ‘ಹೋಗ್ತಾನೆ’. ಅದರಲ್ಲಿ ಗಕಾರದ ಹಿಂದೆಯೇ ಓಕಾರವಿದೆ, ಅದಕ್ಕೂ ತುಟಿಗಳು ದುಂಡಾಗುತ್ತವೆ. ಗಕಾರ ಮತ್ತು ತಕಾರಗಳೆರಡಕ್ಕೂ ತುಟಿಗಳ ಹಂಗಿಲ್ಲವಾದ್ದರಿಂದ ಓಕಾರದ ದುಂಡುತನ ಅವುಗಳ ಮೇಲೆ ಹಾಗೆಯೇ ಹರಿದುಬರುತ್ತದೆ. ಅಲ್ಲಿ ಕಂಡ ದುಂಡುತನವನ್ನು ಉಕಾರದ ಕುರುಹೆಂದು ಓದಿದರೆ ತೀರ್ಮಾನ ತಪ್ಪುತ್ತದೆ. ‘ನೋಡ್ತಾನೆ’, ‘ಓಡ್ತಾನೆ’ಗಳಿಗೂ ಇದೇ ತೊಡಕಿದೆ. ಹಿಂದೆಯೂ ಮುಂದೆಯೂ ಆಕಾರವಿರುವ ‘ಆಗ್ತಾನೆ’, ‘ಮಾಡ್ತಾನೆ’, ‘ಹಾಡ್ತಾನೆ’ಗಳು ಸುರಕ್ಷಿತ. ಹೋಲಿಕೆಗಾಗಿ, ನಡುವೆ ಯಾವ ಸ್ವರವೂ ಇಲ್ಲದ ‘ರಕ್ತ’ದಂತಹ ಪದವೂ ಇರಬೇಕು.

ಸಾಧನಗಳ ವಿಷಯದಲ್ಲಿ ಪ್ರಯೋಗಾಲಯ ದೂರವಿದ್ದರೂ ತುಟಿಯ ಪ್ರಶ್ನೆಗೆ ಕ್ಯಾಮೆರಾ ಸಾಕಾಗುತ್ತದೆ, ಆದರೆ ಅದರ ವೇಗವನ್ನು ಲೆಕ್ಕ ಹಾಕಬೇಕು. ಸೆಕೆಂಡಿಗೆ 25 ಚೌಕಟ್ಟುಗಳ ವೀಡಿಯೊದಲ್ಲಿ ಎರಡು ಚೌಕಟ್ಟುಗಳ ನಡುವಿನ ಅಂತರ 40 ಮಿಲಿಸೆಕೆಂಡ್. 80 ಮಿಲಿಸೆಕೆಂಡಿನ ತಡೆಯೊಂದರಲ್ಲಿ ಎರಡೇ ಚೌಕಟ್ಟುಗಳು ಸಿಗುತ್ತವೆ; ಸಣ್ಣ ದುಂಡುತನ ಅವುಗಳ ನಡುವೆ ಜಾರಿಹೋಗಬಹುದು. ಸೆಕೆಂಡಿಗೆ 120 ಚೌಕಟ್ಟುಗಳಾದರೆ ಅಂತರ ಸುಮಾರು 8 ಮಿಲಿಸೆಕೆಂಡಿಗೆ ಇಳಿಯುತ್ತದೆ, ಅದೇ ತಡೆಯಲ್ಲಿ ಒಂಬತ್ತು ಹತ್ತು ಚೌಕಟ್ಟುಗಳು ದೊರೆಯುತ್ತವೆ. ತುಟಿಗಳ ಎರಡು ಕೊನೆಗಳ ನಡುವಿನ ಅಗಲವನ್ನು ಪ್ರತಿ ಚೌಕಟ್ಟಿನಲ್ಲಿ ಅಳೆದು, ಅದೇ ಮಾತುಗಾರನ ‘ರಕ್ತ’ದ ಅಳತೆಗೆ ಹೋಲಿಸಿದರೆ ಆರಂಭಕ್ಕೆ ಸಾಕು. ನಾಲಿಗೆಯ ಚಲನೆ ಮಾತ್ರ ಈ ವಿಧಾನಕ್ಕೆ ಎಟುಕದು.

‘ಆಗ್ತಾನೆ’ ಮತ್ತು ‘ಮಾಡ್ತಾನೆ’ಗಳನ್ನು ಬೇರೆಬೇರೆಯಾಗಿ ನೋಡಬೇಕಾದ ಇನ್ನೊಂದು ಕಾರಣವಿದೆ. ‘ಆಗ್ತಾನೆ’ಯಲ್ಲಿ ಗಕಾರಕ್ಕೆ ನಾಲಿಗೆಯ ಹಿಂಭಾಗ, ತಕಾರಕ್ಕೆ ತುದಿ. ಅಂಗಗಳು ಬೇರೆಯಾದ್ದರಿಂದ ತಡೆಗಳು ಅತಿಕ್ರಮಿಸಲು ಅಡ್ಡಿಯಿಲ್ಲ. ವೇಗ ಹೆಚ್ಚಿದಂತೆ ಗಕಾರದ ಸ್ಫೋಟ ಮರೆಯಾಗಬೇಕೆಂದು ಸಿದ್ಧಾಂತ ಮುನ್ನುಡಿಯುತ್ತದೆ. ‘ಮಾಡ್ತಾನೆ’ಯಲ್ಲಿ ಮೂರ್ಧನ್ಯ ಡಕಾರ, ದಂತ್ಯ ತಕಾರ ಎರಡೂ ನಾಲಿಗೆಯ ತುದಿಯ ಕೆಲಸವೇ. ತುದಿ ಹಿಂದಕ್ಕೆ ಬಾಗಿ ಡಕಾರದ ತಡೆಯನ್ನು ಮುಗಿಸಿದ ನಂತರವಷ್ಟೇ ಹಲ್ಲಿಗೆ ಬರಬಲ್ಲುದು. ಇಲ್ಲಿ ಅತಿಕ್ರಮಣ ಹೆಚ್ಚಿದರೆ ಆಗಬೇಕಾದುದು ಬೆರಕೆ: ಡಕಾರದ ಸ್ಥಾನ ಮುಂದಕ್ಕೆ ಸರಿಯಬೇಕು, ಅಥವಾ ತಕಾರದ ಸ್ಥಾನ ಹಿಂದಕ್ಕೆ ಸರಿಯಬೇಕು. ವ್ಯಾಕರಣದ ದೃಷ್ಟಿಯಿಂದ ಒಂದೇ ರೂಪಪ್ರಕ್ರಿಯೆಗೆ ಒಳಗಾದ ಎರಡು ಪದಗಳು ವೇಗದ ಮಾತಿನಲ್ಲಿ ಎರಡು ಬೇರೆ ದಾರಿಗಳನ್ನು ಹಿಡಿಯಬೇಕೆಂಬ ಈ ಮುನ್ಸೂಚನೆ ಸ್ಪಷ್ಟವಾಗಿ ಪರೀಕ್ಷೆಗೆ ಒಳಪಡುವಂಥದು.

5. ಫಲಿತಾಂಶವನ್ನು ಓದುವ ಬಗೆ

ಒಬ್ಬ ಮಾತುಗಾರನಿಂದ ಇಂತಹ ಪದಗಳನ್ನು ನಿಧಾನ, ಸಹಜ, ವೇಗ ಎಂಬ ಮೂರು ಗತಿಗಳಲ್ಲಿ ಸಾಕಷ್ಟು ಸಲ ಹೇಳಿಸಿದೆವೆಂದು ಭಾವಿಸೋಣ. ಉಕಾರದ ದುಂಡುತನ ನಿಧಾನದಲ್ಲಿ ಸ್ಪಷ್ಟವಾಗಿದ್ದು, ವೇಗದೊಂದಿಗೆ ಕ್ರಮೇಣ ಕುಗ್ಗಿ ಅಥವಾ ತಡೆಗಳ ಒಳಗೆ ಸರಿದು ಹೋದರೆ, ನಾವು ನೋಡುತ್ತಿರುವುದು ಸಹೋಚ್ಚಾರಣೆ. ಪುನರಾವರ್ತನೆಗಳು ದುಂಡುತನವಿರುವ ಮತ್ತು ಇಲ್ಲದ ಎರಡು ಗುಂಪುಗಳಾಗಿ ಒಡೆದರೆ, ಮಾತುಗಾರನ ಬಳಿ ಎರಡು ರೂಪಗಳಿವೆ, ಅವನು ಗತಿಗೆ ತಕ್ಕಂತೆ ಒಂದನ್ನು ಆರಿಸುತ್ತಾನೆ. ಅತಿ ನಿಧಾನದಲ್ಲಿಯೂ ಎಲ್ಲಿಯೂ ದುಂಡುತನ ಕಾಣದಿದ್ದರೆ, ಉಕಾರ ಆ ರೂಪದ ಭಾಗವೇ ಅಲ್ಲ. ಅದನ್ನು ಮಾತಿನ ವೇಗದಿಂದ ವಿವರಿಸುವುದು ತಪ್ಪು.

‘ಮಾಡ್ತಾನೆ’ಯ ಬಗ್ಗೆ ಈ ಮೂರನೆಯ ಸಾಧ್ಯತೆಯನ್ನು ನಾವು ಮೊದಲು ಪರಿಗಣಿಸಬೇಕು. ಮಗುವಿಗೆ ಬಿಡಿಸಿ ಹೇಳುವಾಗಲೂ, ದೂರದಲ್ಲಿರುವವರಿಗೆ ಕೂಗಿ ಹೇಳುವಾಗಲೂ ಆಡುಗನ್ನಡದ ಮಾತುಗಾರರು ‘ಮಾಡ್ತಾನೆ’ ಎಂದೇ ಹೇಳುವುದುಂಟು. ಅವಸರ ಇಲ್ಲದ ಕಡೆಯೂ ನಿಲ್ಲುವ ರೂಪಕ್ಕೆ ಅವಸರ ಕಾರಣವಾಗಲಾರದು. ಯಾವುದೋ ಕಾಲದ ಅತಿಕ್ರಮಣವೇ ಅದರ ಮೂಲವಾಗಿದ್ದರೂ, ಇಂದಿನ ಮಾತುಗಾರ ಅದನ್ನು ಹಾಗೆಯೇ ಕಲಿತಿರುವ ಸಾಧ್ಯತೆ ಹೆಚ್ಚು. ಹಾಗಿದ್ದಲ್ಲಿ ವೇಗದ ಮಾತಿನ ನಿಜವಾದ ಪರಿಣಾಮವನ್ನು ಹುಡುಕಬೇಕಾದುದು ಉಕಾರದಲ್ಲಲ್ಲ, ಆಗಲೇ ಪಕ್ಕಪಕ್ಕ ಬಂದು ನಿಂತಿರುವ ಡಕಾರ ತಕಾರಗಳ ನಡುವೆ. ನಿಧಾನದಲ್ಲಿ ‘ಮಾಡಿದ’, ವೇಗದಲ್ಲಿ ‘ಮಾಡ್ದ’ ಎನ್ನುವ ಮಾತುಗಾರರಲ್ಲಿ ಇಕಾರದ ಸ್ಥಿತಿ ಇದಕ್ಕಿಂತ ಬೇರೆಯಾಗಿರಬಹುದು.

ಲಿಪ್ಯಂತರ ಮಾಡುವವರಿಗೆ ಇದರಿಂದ ಹೊರಡುವ ಸಲಹೆ ಚಿಕ್ಕದು. ಧ್ವನಿಮುದ್ರಣವೊಂದನ್ನೇ ಕೇಳಿ ಬರೆಯುವಾಗ ‘ಕೇಳಿಸಲಿಲ್ಲ’ ಎಂದು ದಾಖಲಿಸೋಣ. ‘ಲೋಪ’ ಎಂಬ ಪದವನ್ನು, ಆ ಚಲನೆ ನಿಧಾನದ ಮಾತಿನಲ್ಲಿಯೂ ಇಲ್ಲವೆಂದು ಪರೀಕ್ಷಿಸಿದ ನಂತರಕ್ಕೆ ಕಾದಿಡೋಣ. ಎರಡನ್ನೂ ಒಂದೇ ಗುರುತಿನಲ್ಲಿ ಬರೆದಿಟ್ಟ ದತ್ತಾಂಶದಿಂದ, ಯಾವುದು ಬಾಯಿಯ ಕ್ಷಣಿಕ ಹೊಂದಾಣಿಕೆ, ಯಾವುದು ಭಾಷೆಯ ಬದಲಾದ ರೂಪ ಎಂಬುದನ್ನು ಮುಂದೆ ಬರುವವರು ಎಷ್ಟು ಪ್ರಯತ್ನಿಸಿದರೂ ಬೇರ್ಪಡಿಸಲಾರರು.